ಎರಡು ಪರದೆಯ ಎಡಿಟಿಂಗ್ ಮೇಜು: ಬಣ್ಣ ನೋಡುವ ಮಾನಿಟರ್ ಜೋಡಿಸಿದ ಕ್ರಮ

ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಎಡಿಟಿಂಗ್ ಕೋಣೆಗೆ ಮದುವೆ ಕೆಲಸದ ಜೊತೆಗೆ ಇಳಕಲ್ ಸೀರೆ ಮತ್ತು ಗುಳೇದಗುಡ್ಡದ ಖಣ ಮಾರುವವರ ಚಿಕ್ಕ ವಿಡಿಯೊಗಳೂ ಬರುತ್ತವೆ. ಮದುವೆಯ ವಿಡಿಯೊದಲ್ಲಿ ಮಂಟಪದ ಹೂವು ತುಸು ಕಿತ್ತಳೆಗೆ ವಾಲಿದರೆ ಯಾರೂ ತಕರಾರು ತೆಗೆಯುವುದಿಲ್ಲ. ಸೀರೆಯ ವಿಡಿಯೊದಲ್ಲಿ ಮಾತ್ರ ಬಣ್ಣವೇ ಸರಕು. ನಮ್ಮ ಮೇಜಿನ ಮೇಲೆ ಮೊದಲಿನಿಂದಲೂ ಎರಡು ಮಾನಿಟರ್‌ಗಳಿದ್ದವು, ಎರಡೂ ಗ್ರಾಫಿಕ್ಸ್ ಕಾರ್ಡಿಗೇ ಜೋಡಣೆಯಾಗಿದ್ದವು, ಮತ್ತು ಒಂದೇ ಸೆರಗನ್ನು ಎರಡು ಬಣ್ಣದಲ್ಲಿ ತೋರಿಸುತ್ತಿದ್ದವು. ಯಾವುದು ಸರಿ ಎಂದು ಹೇಳಲು ನಮ್ಮ ಬಳಿ ಆಧಾರವಿರಲಿಲ್ಲ. ಎಡಗಡೆ ಟೈಮ್‌ಲೈನ್ ಮತ್ತು ಬಿನ್‌ಗಳು, ಬಲಗಡೆ ಬಣ್ಣಕ್ಕಾಗಿಯೇ ಮೀಸಲಾದ ಒಂದು ಪರದೆ ಎಂಬ ವ್ಯವಸ್ಥೆಯನ್ನು ಹೇಗೆ ಮಾಡಿದೆವು, ಎಲ್ಲಿ ಸಿಕ್ಕಿಕೊಂಡೆವು ಎಂಬುದನ್ನು ನಡೆದ ಕ್ರಮದಲ್ಲೇ ಬರೆದಿಟ್ಟಿದ್ದೇನೆ. ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್, ಕಂಪ್ಯೂಟರ್ ವಿಂಡೋಸ್‌ನದು.

1. ಕಾರ್ಡ್

ಮೊದಲು ಖರ್ಚು ಮಾಡಿದ್ದು ಮಾನಿಟರ್ ಮೇಲಲ್ಲ, ಅದಕ್ಕೆ ಚಿತ್ರ ಕಳಿಸುವ ದಾರಿಯ ಮೇಲೆ. ವಿಂಡೋಸ್‌ನಲ್ಲಿ ರಿಸಾಲ್ವ್‌ನ ವ್ಯೂವರ್ ಮಾನಿಟರಿನ ಬಣ್ಣದ ಪ್ರೊಫೈಲನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇದರ ಮೇಲೆ ಗ್ರಾಫಿಕ್ಸ್ ಡ್ರೈವರ್ ತನ್ನದೇ ರೇಂಜ್, ತನ್ನದೇ ಗಾಮಾ ತಿದ್ದುಪಡಿ ಸೇರಿಸಬಹುದು, ಮತ್ತು ಡ್ರೈವರ್ ಅಪ್‌ಡೇಟ್ ಆದ ಮರುದಿನ ಆ ಸೆಟ್ಟಿಂಗ್ ಹಾಗೇ ಉಳಿದಿದೆಯೇ ಎಂದು ಯಾರೂ ನೋಡುವುದಿಲ್ಲ. ಆದ್ದರಿಂದ ವಿಡಿಯೊವನ್ನು ಡೆಸ್ಕ್‌ಟಾಪಿನ ಹೊರಗಿನಿಂದಲೇ ಒಯ್ಯುವ ಡೆಕ್‌ಲಿಂಕ್ ಮಿನಿ ಮಾನಿಟರ್ 4ಕೆ ಕಾರ್ಡನ್ನು ತರಿಸಿದೆವು. ಸುಮಾರು 20,000 ರೂಪಾಯಿ ಬಿತ್ತು. ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೂ ಇದು ಕೆಲಸ ಮಾಡುತ್ತದೆ. ಈ ಕಾರ್ಡಿಗೆ ಜೋಡಿಸಿದ ಪರದೆಯನ್ನು ವಿಂಡೋಸ್ ಮಾನಿಟರ್ ಎಂದೇ ಗುರುತಿಸುವುದಿಲ್ಲ. ಮೌಸ್ ಅಲ್ಲಿಗೆ ಹೋಗುವುದಿಲ್ಲ, ವಾಟ್ಸಾಪ್ ಸಂದೇಶ ಅಲ್ಲಿ ಮೂಡುವುದಿಲ್ಲ, ಟೈಮ್‌ಲೈನಿನಲ್ಲಿರುವ ಚಿತ್ರವೊಂದೇ ಅಲ್ಲಿ ಕಾಣುತ್ತದೆ.

ಕಾರ್ಡ್ ಕೂರಿಸುವ ಮೊದಲು ಮದರ್‌ಬೋರ್ಡಿನ ಸ್ಲಾಟ್ ನೋಡಿಕೊಳ್ಳಬೇಕು. ಇದಕ್ಕೆ ನಾಲ್ಕು ಲೇನ್‌ನ ಪಿಸಿಐಇ ಸ್ಲಾಟ್ ಬೇಕು. ಬೋರ್ಡಿನಲ್ಲಿ ಖಾಲಿ ಉಳಿದಿರುವ ಚಿಕ್ಕ ಒಂದು ಲೇನ್‌ನ ಸ್ಲಾಟಿನಲ್ಲಿ ಇದು ಕೂರುವುದಿಲ್ಲ. ನಮ್ಮ ಬೋರ್ಡಿನ ಕೆಳಗಿನ ಉದ್ದನೆಯ ಸ್ಲಾಟ್ ನಾಲ್ಕು ಲೇನ್‌ನದಾಗಿತ್ತು, ಆದ್ದರಿಂದ ತೊಂದರೆಯಾಗಲಿಲ್ಲ. ಕೆಲವು ಬೋರ್ಡ್‌ಗಳಲ್ಲಿ ಆ ಸ್ಲಾಟ್ ಮತ್ತು ಎರಡನೆಯ ಎಂ.2 ಎಸ್‌ಎಸ್‌ಡಿ ಒಂದೇ ಲೇನ್‌ಗಳನ್ನು ಹಂಚಿಕೊಂಡಿರುತ್ತವೆ, ಮತ್ತು ಅಂಥ ಬೋರ್ಡಿನಲ್ಲಿ ಕಾರ್ಡ್ ಹಾಕಿದ ಮೇಲೆ ಎಸ್‌ಎಸ್‌ಡಿ ಕಾಣದೇ ಹೋಗಬಹುದು. ಬೋರ್ಡಿನ ಕೈಪಿಡಿಯ ಅಡಿಟಿಪ್ಪಣಿಯಲ್ಲಿ ಅದನ್ನು ಬರೆದಿರುತ್ತಾರೆ. ನಂತರ Desktop Video ಡ್ರೈವರ್ ಹಾಕಿ, ರಿಸಾಲ್ವ್‌ನ Preferences ಒಳಗಿನ Video and Audio I/O ಪುಟದಲ್ಲಿ ಕಾರ್ಡನ್ನು ಆರಿಸಿದರೆ ಈ ಹಂತ ಮುಗಿಯಿತು.

2. ಕಪ್ಪಾಗಿಯೇ ಉಳಿದ ಪರದೆ

ಮೂಲೆಯಲ್ಲಿದ್ದ ಹಳೆಯ ಐಪಿಎಸ್ ಮಾನಿಟರನ್ನೇ ಬಣ್ಣಕ್ಕೆ ಬಳಸೋಣ ಎಂದು ಎಚ್‌ಡಿಎಂಐ ಕೇಬಲ್ ಜೋಡಿಸಿದಾಗ ಪರದೆಯ ಮೇಲೆ Out of Range ಎಂಬ ಸೂಚನೆ ಮಾತ್ರ ಬಂತು. ಕೇಬಲ್ ಬದಲಿಸಿದರೂ ಅದೇ, ಡ್ರೈವರ್ ಮತ್ತೆ ಹಾಕಿದರೂ ಅದೇ. 50 ಫ್ರೇಮಿನ ಬೇರೊಂದು ಪ್ರಾಜೆಕ್ಟ್ ತೆರೆದ ಕೂಡಲೇ ಚಿತ್ರ ಬಂದಾಗ ಕಾರಣ ತಿಳಿಯಿತು. ಟೈಮ್‌ಲೈನ್ ಸೆಕೆಂಡಿಗೆ 25 ಫ್ರೇಮಿನದಾಗಿದ್ದರೆ ಕಾರ್ಡ್ ಕೂಡ 25ರಲ್ಲೇ ಸಿಗ್ನಲ್ ಕಳಿಸುತ್ತದೆ. ಗ್ರಾಫಿಕ್ಸ್ ಕಾರ್ಡ್ ಏನೇ ಬಂದರೂ ಅದನ್ನು 60ಕ್ಕೆ ಹೊಂದಿಸಿ ಕೊಡುವ ಕಾರಣ ಈ ವಿಷಯ ನಮಗೆ ಎಂದೂ ಎದುರಾಗಿರಲಿಲ್ಲ. ಕಚೇರಿ ಬಳಕೆಗೆಂದು ತಯಾರಾದ ಅನೇಕ ಮಾನಿಟರ್‌ಗಳು 50 ಮತ್ತು 60 ಹರ್ಟ್ಸ್‌ಗಳನ್ನು ಒಪ್ಪಿಕೊಂಡರೂ 24 ಮತ್ತು 25ನ್ನು ಒಪ್ಪುವುದಿಲ್ಲ. ನಮ್ಮ ಕಡೆ ಹೆಚ್ಚಿನವರು 25ರಲ್ಲೇ ಶೂಟ್ ಮಾಡುವುದರಿಂದ ಇದನ್ನು ಚಿಕ್ಕ ವಿಷಯವೆಂದು ಬಿಡುವಂತಿಲ್ಲ.

ಹೊಸ ಮಾನಿಟರ್ ಆರಿಸುವಾಗ ಪೆಟ್ಟಿಗೆಯ ಮೇಲಿನ ಶೇಕಡಾವಾರು ಬಣ್ಣದ ಲೆಕ್ಕಕ್ಕಿಂತ ಮೊದಲು ಕೈಪಿಡಿಯ ಕೊನೆಯಲ್ಲಿರುವ ಟೈಮಿಂಗ್ ಪಟ್ಟಿಯಲ್ಲಿ 1080p ಎದುರಿಗೆ 24 ಮತ್ತು 25 ಹರ್ಟ್ಸ್ ಇವೆಯೇ ಎಂದು ಹುಡುಕಿದೆ. ಎರಡನೆಯ ಷರತ್ತು, ಎಚ್‌ಡಿ ವಿಡಿಯೊದ ಮಾನದಂಡವಾದ ರೆಕ್. 709 ಬಣ್ಣದ ವ್ಯಾಪ್ತಿಯನ್ನು ಪೂರ್ತಿ ಒಳಗೊಂಡ ಐಪಿಎಸ್ ಪ್ಯಾನೆಲ್ ಇರಬೇಕು. ಮೂರನೆಯದು, ಮೆನುವಿನಲ್ಲಿ ಕೆಂಪು, ಹಸಿರು, ನೀಲಿಯ ಗೇನ್ ಬೇರೆ ಬೇರೆಯಾಗಿ ತಿರುಗಿಸಲು ಬರಬೇಕು ಮತ್ತು ಎಚ್‌ಡಿಎಂಐ ರೇಂಜ್ ಬದಲಿಸುವ ಆಯ್ಕೆ ಇರಬೇಕು. ಈ ಮೂರನ್ನೂ ಪೂರೈಸುವ 24 ಇಂಚಿನ ಮಾನಿಟರ್ ಹುಬ್ಬಳ್ಳಿಯಲ್ಲಿ ಸುಮಾರು 19,000 ರೂಪಾಯಿಗೆ ಸಿಕ್ಕಿತು. ಅದರ ಅಳತೆ 1920×1200 ಆದ್ದರಿಂದ 1080ರ ಚಿತ್ರವನ್ನು ಅದು ಮೇಲಕ್ಕೂ ಕೆಳಕ್ಕೂ ಎಳೆದು ತೋರಿಸುತ್ತಿತ್ತು. ಆಸ್ಪೆಕ್ಟ್ ಸೆಟ್ಟಿಂಗ್ ಬದಲಿಸಿದ ಮೇಲೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದು ಬಳೆಯೊಂದು ದುಂಡಗೆ ಕಂಡಿತು.

3. ರೇಂಜ್

ಹೆಚ್ಚು ಹೊತ್ತು ತಿಂದ ಹಂತ ಇದು, ಮತ್ತು ಬೇರೆ ಸ್ಟುಡಿಯೊಗಳಲ್ಲಿ ನಾನು ಹೆಚ್ಚಾಗಿ ನೋಡಿರುವ ತಪ್ಪು ಕೂಡ ಇಲ್ಲಿಯದೇ. ವಿಡಿಯೊ ಸಿಗ್ನಲಿನಲ್ಲಿ ಕಪ್ಪು ಎಂದರೆ 16, ಬಿಳಿ ಎಂದರೆ 235. ಕಂಪ್ಯೂಟರಿನ ಸಿಗ್ನಲಿನಲ್ಲಿ ಕಪ್ಪು 0, ಬಿಳಿ 255. ಕಳಿಸುವವರು ಒಂದು ಲೆಕ್ಕದಲ್ಲಿ ಕಳಿಸಿ, ಪಡೆಯುವವರು ಇನ್ನೊಂದು ಲೆಕ್ಕದಲ್ಲಿ ಓದಿಕೊಂಡರೆ ಚಿತ್ರ ಬರುತ್ತದೆ, ಆದರೆ ತಪ್ಪಾಗಿ ಬರುತ್ತದೆ. ಕಾರ್ಡ್ ವಿಡಿಯೊ ಲೆಕ್ಕದಲ್ಲಿ ಕಳಿಸಿದ್ದನ್ನು ಮಾನಿಟರ್ ಪೂರ್ಣ ಲೆಕ್ಕದಲ್ಲಿ ಓದಿದರೆ ಕಪ್ಪು ಬೂದಿಯಾಗಿ, ಬಿಳಿ ಮಂಕಾಗಿ ಕಾಣುತ್ತದೆ. ಅದಲುಬದಲಾದರೆ ನೆರಳಿನ ವಿವರವೆಲ್ಲ ಕಪ್ಪಿನಲ್ಲಿ ಮುಳುಗುತ್ತದೆ. ಮೊದಲನೆಯ ತಪ್ಪನ್ನು ಕಣ್ಣು ಬೇಗ ಒಪ್ಪಿಕೊಂಡುಬಿಡುತ್ತದೆ. ‘ಚಿತ್ರ ಸ್ವಲ್ಪ ಸಪ್ಪೆ ಇದೆ’ ಎಂದುಕೊಂಡು ನಾವು ಕಾಂಟ್ರಾಸ್ಟ್ ಏರಿಸುತ್ತೇವೆ, ಆ ಏರಿಕೆ ಫೈಲಿನಲ್ಲಿ ಉಳಿಯುತ್ತದೆ, ಗಿರಾಕಿಯ ಫೋನಿನಲ್ಲಿ ನೆರಿಗೆಗಳೆಲ್ಲ ಕಪ್ಪಾಗುತ್ತವೆ.

ರಿಸಾಲ್ವ್‌ನಲ್ಲಿ ಇದರ ಆಯ್ಕೆ Project Settings, Master Settings ಪುಟದ Video Monitoring ಭಾಗದಲ್ಲಿ Data levels ಎಂಬ ಹೆಸರಿನಲ್ಲಿದೆ. ಅದನ್ನು Video ಎಂದೇ ಬಿಟ್ಟು, ಮಾನಿಟರಿನ ಎಚ್‌ಡಿಎಂಐ ರೇಂಜನ್ನು Limited ಎಂದು ಬದಲಿಸಬೇಕಾಯಿತು. ಮಾನಿಟರನ್ನು Auto ಎಂದು ಬಿಟ್ಟಾಗ ಅದು ಒಮ್ಮೆ ಸರಿಯಾಗಿ ಹಿಡಿದು, ಫ್ರೇಮ್ ರೇಟ್ ಬದಲಾದಾಗ ಮತ್ತೆ ತಪ್ಪುತ್ತಿತ್ತು.

ಸರಿಯಾಗಿದೆಯೇ ಎಂದು ತಿಳಿಯಲು ಜನರೇಟರ್‌ಗಳ ಪಟ್ಟಿಯಿಂದ SMPTE Color Bar ತೆಗೆದು ಟೈಮ್‌ಲೈನಿಗೆ ಹಾಕಿದೆ. ಅದರ ಕೆಳಗಿನ ಬಲಭಾಗದಲ್ಲಿ ಮೂರು ಕಿರಿದಾದ ಕಪ್ಪು ಪಟ್ಟಿಗಳು ಪಕ್ಕಪಕ್ಕದಲ್ಲಿವೆ: ಒಂದು ಕಪ್ಪಿಗಿಂತ ಕೆಳಗಿನದು, ಒಂದು ಸರಿಯಾಗಿ ಕಪ್ಪು, ಒಂದು ಕಪ್ಪಿಗಿಂತ ಕೂದಲೆಳೆಯಷ್ಟು ಮೇಲಿನದು. ಕೋಣೆ ಕತ್ತಲು ಮಾಡಿ ನೋಡಿದಾಗ ಮೊದಲೆರಡು ಒಂದೇ ಆಗಿ ಬೆರೆತು, ಮೂರನೆಯದು ಮಾತ್ರ ಇದ್ದೂ ಇಲ್ಲದಂತೆ ಕಾಣಬೇಕು. ಮೂರನೆಯದೂ ಮಾಯವಾಗಿದ್ದರೆ ಕಪ್ಪು ಮುಳುಗಿದೆ. ಮೂರೂ ಎದ್ದು ಬೂದಿಯಾಗಿ ಕಂಡರೆ ರೇಂಜ್ ಬೆರಕೆಯಾಗಿದೆ. ಅಳೆಯುವ ಸಾಧನವಿದ್ದವರಿಗೆ ಇನ್ನೊಂದು ಗುರುತಿದೆ: 1000ಕ್ಕೆ 1ರಷ್ಟು ಕಾಂಟ್ರಾಸ್ಟ್ ಇರಬೇಕಾದ ಐಪಿಎಸ್ ಮಾನಿಟರ್ ಅದರ ಮೂರನೇ ಒಂದು ಭಾಗದಷ್ಟನ್ನೇ ತೋರಿಸುತ್ತಿದ್ದರೆ ಪ್ಯಾನೆಲನ್ನು ದೂರುವ ಮೊದಲು ಈ ಸೆಟ್ಟಿಂಗ್ ನೋಡಬೇಕು.

4. ಗೋಡೆ, ಪರದೆ ಬಟ್ಟೆ, ದೀಪ

ಕೋಣೆಯ ಕಿಟಕಿ ಪಡುವಣಕ್ಕಿದೆ, ಗೋಡೆ ಹಸಿರು ಡಿಸ್ಟೆಂಪರಿನದು. ಹಸಿರು ಗೋಡೆಯ ಮುಂದೆ ಕೂತ ಕಣ್ಣು ಪರದೆಯಲ್ಲಿ ಕೆಂಪನ್ನು ಹೆಚ್ಚಾಗಿ ಕಾಣುತ್ತದೆ. ಆದ್ದರಿಂದ ಮಾನಿಟರಿನ ಹಿಂದಿನ ಗೋಡೆಗೆ ಬೂದು ಬಣ್ಣ ಬಳಿಯುವುದೆಂದು ನಿರ್ಧರಿಸಿದೆವು. ಬಿಳಿ ಡಿಸ್ಟೆಂಪರಿಗೆ ಕಪ್ಪು ಸ್ಟೇನರ್ ಬೆರೆಸಿ ಬಳಿದಾಗ ಗೋಡೆ ಹಸಿಯಿದ್ದಾಗ ಬೂದಾಗಿ ಕಂಡು, ಒಣಗಿದ ಮೇಲೆ ನೀಲಿ ಛಾಯೆ ತೋರಿಸಿತು. ಕಪ್ಪು ಸ್ಟೇನರಿನ ಗುಣವೇ ಅದು. ಗ್ರೇ ಕಾರ್ಡನ್ನು ಗೋಡೆಗೆ ಹಿಡಿದು ಒಂದೇ ಬೆಳಕಿನಲ್ಲಿ ಫೋಟೊ ತೆಗೆದು, ಕಾರ್ಡಿನ ಮೇಲೆ ವೈಟ್ ಬ್ಯಾಲೆನ್ಸ್ ಮಾಡಿ, ಗೋಡೆಯ ಭಾಗವನ್ನು ಕೆಂಪು, ಹಸಿರು, ನೀಲಿಯ ಮಟ್ಟಗಳನ್ನು ಬೇರೆ ಬೇರೆ ಗೆರೆಗಳಾಗಿ ತೋರಿಸುವ ರಿಸಾಲ್ವ್‌ನ ಪೆರೇಡ್ ಸ್ಕೋಪಿನಲ್ಲಿ ನೋಡಿದರೆ ನೀಲಿಯ ಗೆರೆ ಕೆಂಪಿಗಿಂತ ಮೇಲಿತ್ತು. ಹಳದಿ ಆಕ್ಸೈಡ್ ಸ್ಟೇನರನ್ನು ಹನಿಹನಿಯಾಗಿ ಬೆರೆಸುತ್ತ, ರಟ್ಟಿನ ಮೇಲೆ ಬಳಿದು ಒಣಗಿಸಿ, ಮತ್ತೆ ಫೋಟೊ ತೆಗೆದು ಮೂರು ಗೆರೆಗಳೂ ಒಂದೇ ಎತ್ತರಕ್ಕೆ ಬಂದ ಮೇಲೆ ಎರಡನೆಯ ಕೋಟ್ ಹೊಡೆಸಿದೆವು. ಬಣ್ಣ ಹೊಡೆಯಲು ಬಂದ ಕಾಕಾ, ‘ಬೂದ ಬಣ್ಣಕ್ಕ ಇಷ್ಟ ಪರೀಕ್ಷಾ ಮಾಡಿದವರನ್ನ ನಾ ನೋಡಿಲ್ರಿ’ ಎಂದರು. ಬಣ್ಣ ಮತ್ತು ಕೂಲಿ ಸೇರಿ ಎರಡು ಸಾವಿರದೊಳಗೆ ಮುಗಿಯಿತು.

ಕಿಟಕಿಗೆ ದಪ್ಪ ಕಪ್ಪು ಬಟ್ಟೆ ಹಾಕಿ, ಮಾನಿಟರಿನ ಬೆನ್ನಿಗೆ 6500 ಕೆಲ್ವಿನ್‌ನ ಎಲ್‌ಇಡಿ ದೀಪವನ್ನು ಗೋಡೆಯ ಕಡೆ ಮುಖ ಮಾಡಿ ಕಟ್ಟಿದೆವು. ಪರದೆಯ ಬಿಳಿಯ ಹತ್ತನೇ ಒಂದು ಭಾಗದಷ್ಟು ಬೆಳಕು ಗೋಡೆಯಿಂದ ಬಂದರೆ ಸಾಕು. ದೀಪದ ಪೆಟ್ಟಿಗೆಯ ಮೇಲೆ, ಅದರ ಬೆಳಕಿನಲ್ಲಿ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಎಂದು ಹೇಳುವ ಸಿಆರ್‌ಐ ಅಂಕಿ 90ಕ್ಕಿಂತ ಹೆಚ್ಚೆಂದು ಬರೆದಿದ್ದನ್ನೇ ಆರಿಸಬೇಕು. ಸಾಮಾನ್ಯ ಪಟ್ಟಿ ದೀಪಗಳ ಬಿಳಿಯಲ್ಲಿ ಹಸಿರು ಅಥವಾ ನೀಲಿ ಬೆರೆತಿರುತ್ತದೆ.

5. ಅಳತೆ

ಪರದೆಯ ಬಣ್ಣ ಅಳೆಯುವ ಕಲರಿಮೀಟರನ್ನು ನಮ್ಮ ಸ್ಟುಡಿಯೊ ಒಂದೇ ಕೊಳ್ಳಲಿಲ್ಲ. ಜಮಖಂಡಿಯ ಗೆಳೆಯರೊಬ್ಬರ ಜೊತೆ ಸೇರಿ ಕೊಂಡು ಹಂಚಿಕೊಂಡಿದ್ದೇವೆ. ಅಳೆಯುವ ತಂತ್ರಾಂಶ ಡಿಸ್ಪ್ಲೇಕ್ಯಾಲ್, ಅದು ಉಚಿತ. ಅದರ ಡಿಸ್ಪ್ಲೇ ಪಟ್ಟಿಯಲ್ಲಿ Resolve ಎಂದೇ ಒಂದು ಹೆಸರಿದೆ. ಅದನ್ನು ಆರಿಸಿದರೆ ಅಳತೆಯ ಬಣ್ಣದ ಚೌಕಗಳನ್ನು ರಿಸಾಲ್ವ್ ಆ ಕಾರ್ಡಿನ ಮೂಲಕವೇ ಪರದೆಗೆ ಕಳಿಸುತ್ತದೆ, ಅಂದರೆ ಕೆಲಸದ ಸಮಯದಲ್ಲಿ ಚಿತ್ರ ಯಾವ ದಾರಿಯಲ್ಲಿ ಬರುತ್ತದೋ ಅದೇ ದಾರಿಯನ್ನು ಅಳೆದಂತಾಗುತ್ತದೆ. ರಿಸಾಲ್ವ್‌ನ ಕಲರ್ ಪುಟದಲ್ಲಿದ್ದುಕೊಂಡು Workspace ಮೆನುವಿನ Monitor Calibration ಮೂಲಕ ಡಿಸ್ಪ್ಲೇಕ್ಯಾಲ್ ತೋರಿಸುವ ವಿಳಾಸ ಮತ್ತು 20002 ಎಂಬ ಪೋರ್ಟ್ ಸಂಖ್ಯೆ ಕೊಡಬೇಕು. ನಮ್ಮಲ್ಲಿ ಅದು ಸಂಪರ್ಕಕ್ಕೆ ಕಾಯುತ್ತಲೇ ಕುಳಿತಿತ್ತು. ವಿಂಡೋಸ್ ಫೈರ್‌ವಾಲ್‌ನಲ್ಲಿ ಎರಡೂ ತಂತ್ರಾಂಶಗಳಿಗೆ ಅನುಮತಿ ಕೊಟ್ಟ ಮೇಲೆ ತಟ್ಟನೆ ಜೋಡಣೆಯಾಯಿತು.

ಗುರಿಗಳು ಸರಳ. ಬಿಳಿಯ ಬಿಂದು ಡಿ65, ಹೊಳಪು ಪ್ರತಿ ಚದರ ಮೀಟರಿಗೆ 100 ಕ್ಯಾಂಡೆಲಾ, ಗಾಮಾ 2011ರಲ್ಲಿ ನಿಗದಿಯಾದ ಬಿಟಿ.1886, ಬಣ್ಣದ ವ್ಯಾಪ್ತಿ ರೆಕ್. 709. ಮಾನಿಟರನ್ನು ಅರ್ಧ ಗಂಟೆ ಮೊದಲೇ ಹಚ್ಚಿಟ್ಟು, ಮೊದಲು ಮೆನುವಿನಲ್ಲೇ ಹೊಳಪು ಮತ್ತು ಮೂರು ಗೇನ್‌ಗಳನ್ನು ತಿರುಗಿಸಿ ಬಿಳಿಯನ್ನು ಸರಿಮಾಡಿದೆ. ಇಲ್ಲಿ ಗೇನ್ ಯಾವುದನ್ನೂ ಏರಿಸಬಾರದು. ಹೆಚ್ಚಿರುವುದನ್ನು ಇಳಿಸಬೇಕು, ಇಲ್ಲವಾದರೆ ಆ ಬಣ್ಣದ ಮೇಲ್ತುದಿ ಕತ್ತರಿಸಿಹೋಗುತ್ತದೆ. ನಮ್ಮ ಪ್ಯಾನೆಲಿನಲ್ಲಿ ನೀಲಿಯನ್ನು ಸಾಕಷ್ಟು, ಹಸಿರನ್ನು ಸ್ವಲ್ಪ ಇಳಿಸಬೇಕಾಯಿತು. ಹೊಳಪು 100ಕ್ಕೆ ಬಂದಾಗ ಪರದೆ ಬಹಳ ಮಂದವೆನಿಸಿತು. ಕಿಟಕಿ ತೆರೆದ ಕೋಣೆಯಲ್ಲಿ ಹಾಗೆ ಅನಿಸುವುದು ಸಹಜ. ಬಟ್ಟೆ ಎಳೆದು ಹತ್ತು ನಿಮಿಷ ಕುಳಿತರೆ ಕಣ್ಣು ಹೊಂದಿಕೊಳ್ಳುತ್ತದೆ.

ಮೊದಲ ಪೂರ್ಣ ಅಳತೆಯ ಕಪ್ಪು ಬಣ್ಣಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಒಂದು ಚೌಕಕ್ಕೂ ಅದರ ಪಕ್ಕದ ಗಾಢ ಚೌಕಕ್ಕೂ ಅಂಕಿಗಳು ಹಿಂದುಮುಂದಾಗಿದ್ದವು. ಮೀಟರ್ ಪರದೆಯ ಮುಂದೆ ತನ್ನ ತಂತಿಯಲ್ಲೇ ಜೋತಾಡುತ್ತದೆ, ಹಿಂದುಗಡೆ ತೂಕದ ಗುಂಡು ಅದನ್ನು ಹಿಡಿದಿರುತ್ತದೆ. ಮೇಲೆ ಫ್ಯಾನ್ ತಿರುಗುತ್ತಿತ್ತು. ಹತ್ತಿರ ಹೋಗಿ ಬದಿಯಿಂದ ನೋಡಿದಾಗ ಮೀಟರಿನ ಸ್ಪಂಜಿನ ಅಂಚು ಗಾಳಿಗೆ ಪರದೆಯಿಂದ ಒಂದು ಕಾಗದದಷ್ಟು ಎದ್ದು ಮತ್ತೆ ಕೂರುವುದು ಕಂಡಿತು. ಬಿಳಿಯ ಚೌಕದಲ್ಲಿ ಆ ಸಂದಿನಿಂದ ನುಸುಳುವ ಬೆಳಕು ಲೆಕ್ಕಕ್ಕಿಲ್ಲ. ಕಪ್ಪಿನಲ್ಲಿ ಅಳತೆಯ ಅರ್ಧದಷ್ಟೇ ಆಗಿಬಿಡಬಹುದು. ಬಾಗಲಕೋಟೆಯ ಬೇಸಿಗೆಯಲ್ಲಿ ಫ್ಯಾನ್ ಆರಿಸಿ ಕೂರುವುದು ಸುಲಭವಲ್ಲ, ಆದರೂ ಆರಿಸಿ, ಮಾನಿಟರನ್ನು ತುಸು ಹಿಂದಕ್ಕೆ ವಾಲಿಸಿ ಮೀಟರ್ ತನ್ನ ಭಾರದಿಂದಲೇ ಅಂಟಿಕೊಳ್ಳುವಂತೆ ಮಾಡಿ, ಕೋಣೆಯ ದೀಪ ತೆಗೆದು ನಸುಕಿನಲ್ಲಿ ಮತ್ತೆ ಅಳೆದೆ. ಕರೆಂಟ್ ಹೋದರೆ ಮಾನಿಟರ್ ಆರಿ ಬಿಸಿಯ ಸ್ಥಿತಿ ಬದಲಾಗುವುದರಿಂದ ಮಾನಿಟರನ್ನೂ ಯುಪಿಎಸ್‌ಗೇ ಜೋಡಿಸಿದ್ದೆ.

ಅಳತೆಯಿಂದ ಬಂದ, ಬಣ್ಣ ತಿದ್ದುವ ಕೋಷ್ಟಕವಿರುವ .cube ಫೈಲನ್ನು, ಅಂದರೆ ಲಟ್ಟನ್ನು, Project Settings, Color Management ಪುಟದಲ್ಲಿ Open LUT Folder ಒತ್ತಿ ಆ ಫೋಲ್ಡರಿಗೆ ಹಾಕಿ, Update Lists ಒತ್ತಿ, Video monitor lookup table ಎದುರಿಗೆ ಆರಿಸಿದೆ. ಈ ಲಟ್ ಕಾರ್ಡಿನಿಂದ ಹೊರಬರುವ ಚಿತ್ರಕ್ಕೆ ಮಾತ್ರ ಅನ್ವಯಿಸುತ್ತದೆ, ರೆಂಡರ್ ಆದ ಫೈಲಿಗೆ ಸೇರುವುದಿಲ್ಲ. ಲಟ್ ಹಾಕಿಟ್ಟುಕೊಂಡೇ ಪರಿಶೀಲನೆಯ ಅಳತೆ ಮಾಡಿದಾಗ ಗುರಿಯ ಬಣ್ಣಕ್ಕೂ ಕಂಡ ಬಣ್ಣಕ್ಕೂ ಇರುವ ವ್ಯತ್ಯಾಸದ ಅಳತೆಯಾದ ಡೆಲ್ಟಾ ಇ ಸರಾಸರಿ 1ಕ್ಕಿಂತ ಕೆಳಗೆ ಬಂತು, ಗಾಢ ನೀಲಿಯಲ್ಲಿ ಮಾತ್ರ ತುಸು ಹೆಚ್ಚಿತ್ತು. ಮುಂದೆ ಮರು ಅಳತೆ ಮಾಡುವಾಗ ಹಳೆಯ ಲಟ್ ತೆಗೆದು ಅಳೆಯಬೇಕು, ಪರಿಶೀಲನೆಗೆ ಮಾತ್ರ ಹೊಸದನ್ನು ಹಾಕಬೇಕು. ಈ ಸೆಟ್ಟಿಂಗ್ ಪ್ರಾಜೆಕ್ಟಿಗೊಂದರಂತೆ ಇರುವುದರಿಂದ ಹೊಸ ಪ್ರಾಜೆಕ್ಟಿನಲ್ಲಿ ಲಟ್ ಇರುವುದಿಲ್ಲ. ಅದಕ್ಕೆ ಇಡೀ ಸೆಟ್ಟಿಂಗನ್ನು ಪ್ರಿಸೆಟ್ ಆಗಿ ಉಳಿಸಿಟ್ಟೆ.

6. ಇಳಕಲ್ ಸೆರಗು

ಇಳಕಲ್‌ನ ವ್ಯಾಪಾರಿಯೊಬ್ಬರು ಹಿಂದಿನ ವಿಡಿಯೊ ನೋಡಿ, ‘ಸರ, ಇದು ನಮ್ಮ ದಾಳಿಂಬ್ರಿ ಕೆಂಪ ಅಲ್ರಿ, ಇಟ್ಟಂಗಿ ಬಣ್ಣ ಬಂದೈತಿ’ ಎಂದು ಹೇಳಿದ್ದರು. ಹೊಸ ಪರದೆಯಲ್ಲಿ ಅದೇ ಟೈಮ್‌ಲೈನ್ ತೆರೆದಾಗ ಅವರ ಮಾತು ನಿಜವೆಂದು ಕಂಡಿತು. ಕಾರಣ ತಿಳಿಯಲು ಹಳೆಯ ಬಲಬದಿಯ ಮಾನಿಟರನ್ನೂ ಅಳೆದೆವು. ಅದರ ಬಿಳಿ 8000 ಕೆಲ್ವಿನ್ ಸಮೀಪವಿತ್ತು, ಅಂದರೆ ಎದ್ದು ಕಾಣುವಷ್ಟು ನೀಲಿ. ನೀಲಿ ಬೆರೆತ ಪರದೆಯಲ್ಲಿ ಕೆಂಪು ಸೆರಗು ಗುಲಾಬಿಯತ್ತ ವಾಲಿ ಕಂಡದ್ದರಿಂದ ನಾವು ಟೆಂಪರೇಚರನ್ನು ಬೆಚ್ಚಗಿನ ಕಡೆ ತಿರುಗಿಸಿ ‘ಸರಿ’ ಮಾಡಿದ್ದೆವು. ಆ ತಿರುಗಣೆ ಫೈಲಿನಲ್ಲಿ ಕಿತ್ತಳೆಯಾಗಿ ಕೂತಿತ್ತು. ಅದನ್ನು ತೆಗೆದ ಕೂಡಲೇ ಕೆಂಪು ತನ್ನ ಜಾಗಕ್ಕೆ ಬಂತು.

ಉಳಿದದ್ದು ನೆರಿಗೆಗಳ ವಿವರ. ರೇಷ್ಮೆಯ ಸೆರಗಿನ ಮೇಲೆ ನೇರ ಬೆಳಕು ಬಿದ್ದ ಕಡೆ ಕೆಂಪು ಒಂದೇ ಸಮ ಹರಡಿ, ಬಿಳಿ ತೆನೆಗಳ ನಡುವಿನ ನೇಯ್ಗೆಯೇ ಕಾಣುತ್ತಿರಲಿಲ್ಲ. ಪೆರೇಡಿನಲ್ಲಿ ಕೆಂಪಿನ ಗೆರೆ ಮೇಲ್ತುದಿಗೆ ತಾಗಿ ಚಪ್ಪಟೆಯಾಗಿತ್ತು, ಹಸಿರು ಮತ್ತು ನೀಲಿ ಬಹಳ ಕೆಳಗಿದ್ದವು. ಹೀಗಾದಾಗ ಮೊದಲ ನೋಡ್‌ನಲ್ಲೇ ಗೇನ್ ಇಳಿಸಿ ನೋಡಬೇಕು. ಚಪ್ಪಟೆ ಗೆರೆ ಕೆಳಗಿಳಿಯುತ್ತ ತನ್ನೊಳಗಿನ ಏರಿಳಿತ ಬಿಚ್ಚಿಕೊಂಡರೆ ವಿವರ ಫೈಲಿನಲ್ಲಿದೆ. ಚಪ್ಪಟೆಯಾಗಿಯೇ ಕೆಳಗಿಳಿದರೆ ಕ್ಯಾಮೆರಾದಲ್ಲೇ ಕಳೆದುಹೋಗಿದೆ. ನಮ್ಮ ಹೆಚ್ಚಿನ ಶಾಟ್‌ಗಳಲ್ಲಿ ನೇಯ್ಗೆ ಮರಳಿ ಬಂತು. ಸೆರಗಿನ ಹತ್ತಿರದ ಶಾಟ್ ಒಂದರಲ್ಲಿ ಬರಲಿಲ್ಲ. ಎಕ್ಸ್‌ಪೋಶರ್ ಇಳಿಸಿ ಅದನ್ನು ಮತ್ತೆ ಶೂಟ್ ಮಾಡಿದೆವು.

ಆ ಸೀರೆಯನ್ನೇ ತರಿಸಿ 6500 ಕೆಲ್ವಿನ್ ದೀಪದ ಕೆಳಗೆ ಪರದೆಯ ಪಕ್ಕ ಹಿಡಿದೂ ನೋಡಿದೆವು. ನೂಲಿನ ಒಡಲು ಚೆನ್ನಾಗಿ ಹೊಂದಿತು. ರೇಷ್ಮೆಯ ಸೆರಗು ಕೈ ತಿರುಗಿಸಿದಂತೆ ಬಣ್ಣ ಬದಲಿಸುವುದರಿಂದ ಅಲ್ಲಿ ಪೂರ್ತಿ ತಾಳೆ ನಿರೀಕ್ಷಿಸುವಂತಿಲ್ಲ. ಶೂಟ್ ಮಾಡಿದ ಕೋನದಲ್ಲೇ ಹಿಡಿದು ಹೋಲಿಸಬೇಕು. ವ್ಯಾಪಾರಿಗೆ ಕಳಿಸುವಾಗ ಅವರ ಫೋನಿನ ಡಿಸ್ಪ್ಲೇಯನ್ನು ವಿವಿಡ್‌ನಿಂದ ನ್ಯಾಚುರಲ್‌ಗೆ ಬದಲಿಸಿ ನೋಡಲು ಹೇಳಿದೆವು. ಎಲ್ಲ ಗಿರಾಕಿಗಳ ಫೋನ್ ನಮ್ಮ ಕೈಯಲ್ಲಿಲ್ಲ, ಆದರೆ ಒಪ್ಪಿಗೆ ಕೊಡುವವರ ಫೋನಾದರೂ ಸರಿ ಇರಬೇಕು.

7. ಎಡಬದಿಯ ಪರದೆ ಮತ್ತು ಉಳಿದ ಕೊರತೆ

ಟೈಮ್‌ಲೈನಿನ ಪರದೆಗೆ ಬಣ್ಣದ ಕೆಲಸವಿಲ್ಲವೆಂದು ಅದನ್ನು ಹಾಗೇ ಬಿಡಲಾಗದು. ಅದು ಬಲಗಡೆಯದಕ್ಕಿಂತ ಎರಡು ಪಟ್ಟು ಹೊಳೆಯುತ್ತಿದ್ದಾಗ, ಅತ್ತ ನೋಡಿ ಇತ್ತ ತಿರುಗಿದ ಪ್ರತಿ ಸಲವೂ ಸೆರಗು ಕಪ್ಪಾದಂತೆ ಕಾಣುತ್ತಿತ್ತು. ಅದರ ಹೊಳಪನ್ನೂ 100ರ ಹತ್ತಿರಕ್ಕೆ, ಬಿಳಿಯನ್ನು ಮೆನುವಿನಲ್ಲಿ ಆದಷ್ಟು 6500ರ ಹತ್ತಿರಕ್ಕೆ ತಂದು, ಡೆಸ್ಕ್‌ಟಾಪ್ ಹಿನ್ನೆಲೆಯನ್ನು ಬೂದು ಮಾಡಿದೆವು.

ಹೊಸ ಮಾನಿಟರಿನ ಕೆಳಗಿನ ಎಡಮೂಲೆ ಮಧ್ಯಭಾಗಕ್ಕಿಂತ ಮಂದವಾಗಿದ್ದು, ತುಸು ಹಳದಿ ಛಾಯೆಯನ್ನೂ ತೋರಿಸುತ್ತದೆ. ಮೀಟರ್ ಮಧ್ಯದಲ್ಲಿ ಅಳೆಯುವುದರಿಂದ ಲಟ್ ಅದನ್ನು ಸರಿಪಡಿಸುವುದಿಲ್ಲ. ಮೂಲೆಗೊಂದು ತಿದ್ದುಪಡಿ ಮಾಡುವ ಸೌಲಭ್ಯ ಇದಕ್ಕಿಂತ ಬಹಳ ದುಬಾರಿಯಾದ ಮಾನಿಟರ್‌ಗಳಲ್ಲಿ ಸಿಗುತ್ತದೆ. ಸೀರೆಯ ಅಂಚು ಆ ಮೂಲೆಯಲ್ಲಿ ಬರುವ ಶಾಟ್‌ಗಳಲ್ಲಿ ಚಿತ್ರವನ್ನು ತಾತ್ಕಾಲಿಕವಾಗಿ ಬಲಕ್ಕೆ ಸರಿಸಿ ಬಣ್ಣ ನೋಡಿ, ನಂತರ ಮತ್ತೆ ಜಾಗಕ್ಕೆ ತರುತ್ತೇವೆ.